ಸುಳ್ಳು ಲೀಗಲ್ ನೋಟೀಸ್‌ಗೆ ರಿಪ್ಲೈ ಬರೆಯೋದು ಹೇಗೆ: ಪ್ಯಾರಾ ಪ್ರಕಾರ ಅಲ್ಲಗಳೆಯೋದು, ಬಾಯ್ತಪ್ಪಿಯೂ ಸಾಲ ಒಪ್ಕೊಳ್ಳದೇ ಇರೋದು

ಲೀಗಲ್ ನೋಟೀಸ್‌ಗೆ ಜನ ಬರೆಯೋ ರಿಪ್ಲೈಗಳು ಹೆಚ್ಚುಕಮ್ಮಿ ಒಂದೇ ಥರ ಹಾಳಾಗ್ತವೆ. ಮೊದಲ ಎರಡು ಪುಟ ಸಿಟ್ಟು, ನಡುವೆ ಹಳೇ ಸ್ನೇಹದ ಕಥೆ, ಕೊನೇಲಿ "ಆದ್ರೂ ಮಾನವೀಯತೆ ದೃಷ್ಟಿಯಿಂದ ಸ್ವಲ್ಪ ಟೈಮ್ ಕೊಟ್ರೆ ನೋಡೋಣ" ಅಂತ ಒಂದು ಸಾಲು. ಆ ಎರಡು ಪುಟದ ಸಿಟ್ಟನ್ನ ಕೋರ್ಟಲ್ಲಿ ಯಾರೂ ಓದಲ್ಲ, ಕೊನೇ ಸಾಲನ್ನ ಮಾತ್ರ ಎದುರು ಪಾರ್ಟಿ ಲಾಯರ್ ಹಳದಿ ಪೆನ್ನಲ್ಲಿ ಗೆರೆ ಹಾಕಿ ಹಿಡ್ಕೊಂಡು ಬರ್ತಾರೆ.

ಇಲ್ಲಿ ಒಂದೇ ಥರದ ನೋಟೀಸ್ ತಗೊಂಡು ಪೂರ್ತಿ ಬರೆದು ತೋರಿಸ್ತೀನಿ: ಕೈಸಾಲ ಕೊಟ್ಟಿದೀನಿ, ಬಡ್ಡಿ ಸಮೇತ ವಾಪಸ್ ಕೊಡಿ ಅಂತ ಬರೋ ನೋಟೀಸ್. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ನೀವು ನಿಜವಾಗ್ಲೂ ಆ ದುಡ್ಡು ಕೊಡಬೇಕಾಗಿದ್ರೆ ಇದು ನಿಮಗೆ ಕೆಲಸಕ್ಕೆ ಬರಲ್ಲ. ರಿಪ್ಲೈಲಿ ಸುಳ್ಳು ಬರೆದು ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದೆ ಬಂದ್ರೆ ನೀವು ಹೇಳಿದ ನಿಜಾನೂ ಯಾರೂ ನಂಬಲ್ಲ. ಅಂಥ ಕಡೆ ಲಾಯರ್ ಮೂಲಕ ಬೇರೆಯಾಗಿ ರಾಜಿ ಮಾತಾಡೋದೇ ದಾರಿ.

## ನಾವು ತಗೊಳ್ಳೋ ಉದಾಹರಣೆ

ನೋಟೀಸ್ ತಾರೀಖು 12-02-2025. ಕಳಿಸಿದವರು ನಿಮ್ಮ ಹಳೇ ವ್ಯಾಪಾರದ ಪಾರ್ಟ್ನರ್, ಅವರ ಲಾಯರ್ ಮೂಲಕ. ಒಳಗೆ ಐದು ಪ್ಯಾರಾ:

1. ನೀವು ಮತ್ತು ಅವರು ಹಲವು ವರ್ಷದಿಂದ ಪರಿಚಯ, ಒಟ್ಟಿಗೆ ವ್ಯವಹಾರ ಮಾಡಿದೀರಿ.
2. 12-04-2022ರಂದು ನೀವು ₹4,00,000 ನಗದು ಕೈಸಾಲ ತಗೊಂಡಿರಿ, ತಿಂಗಳಿಗೆ 2% ಬಡ್ಡಿ ಕೊಡ್ತೀನಿ ಅಂದಿರಿ. ಅವರು ಮನೆಯವರ ಒಡವೆ ಮಾರಿ ಆ ದುಡ್ಡು ಹೊಂದಿಸಿದ್ರು.
3. 05-08-2023ರಂದು ಬಡ್ಡಿ ಬಾಬ್ತು ₹10,000 ಬ್ಯಾಂಕ್ ಮೂಲಕ ಕಟ್ಟಿದಿರಿ.
4. ನವೆಂಬರ್ 2024ರಲ್ಲಿ ಹಿರಿಯರ ಮುಂದೆ ಸಾಲ ಒಪ್ಕೊಂಡು ಮೂರು ತಿಂಗಳು ವಾಯಿದೆ ಕೇಳಿದಿರಿ.
5. ಅಸಲು ₹4,00,000, 34 ತಿಂಗಳ ಬಡ್ಡಿ ₹2,72,000ದಲ್ಲಿ ಬಂದಿರೋ ₹10,000 ಕಳೆದು ₹2,62,000, ಒಟ್ಟು ₹6,62,000. ಇದನ್ನ 15 ದಿನದಲ್ಲಿ ಕೊಡಿ, ಇಲ್ಲಾಂದ್ರೆ ಸಿವಿಲ್, ಕ್ರಿಮಿನಲ್ ಎರಡೂ ಕೇಸ್.

ನಡೆದಿದ್ದು ಬೇರೆ. 20-04-2022ರಂದು ಅವರು ನಿಮ್ಮ ಅಕೌಂಟ್‌ಗೆ ₹1,00,000 ಹಾಕಿದ್ದು ನಿಜ. ಅದನ್ನ ಸೆಪ್ಟೆಂಬರ್ 2022ರಲ್ಲಿ ₹60,000, ಜನವರಿ 2023ರಲ್ಲಿ ₹40,000 ಅಂತ ಬ್ಯಾಂಕ್ ಮೂಲಕಾನೇ ವಾಪಸ್ ಹಾಕಿದೀರಿ. 05-08-2023ರ ₹10,000 ಒಟ್ಟಿಗೆ ತರಿಸಿದ ಸಾಮಾನಿನಲ್ಲಿ ನಿಮ್ಮ ಪಾಲು, ಬಿಲ್ ಇದೆ. ನಾಲ್ಕು ಲಕ್ಷ ನಗದು ಅನ್ನೋದು ಯಾವತ್ತೂ ನಡೆದಿಲ್ಲ. ಹಿರಿಯರ ಮುಂದಿನ ಮಾತುಕತೇನೂ ನಡೆದಿಲ್ಲ.

## ಹಂತ 1: ಕವರ್ ಎಸೀಬೇಡಿ, ಸಿಕ್ಕಿದ ದಿನ ಬರೆದಿಡಿ

ನೋಟೀಸ್ ಬಂದ ಕವರ್ ಮೇಲೆ ಪೋಸ್ಟಿನ ಮುದ್ರೆ, ಟ್ರ್ಯಾಕಿಂಗ್ ನಂಬರ್ ಇರುತ್ತೆ. ಕವರ್‌ನ ನೋಟೀಸ್‌ಗೆ ಪಿನ್ ಮಾಡಿ, ಅದರ ಮೇಲೆ ಸಿಕ್ಕಿದ ತಾರೀಖು, ಯಾರು ಸಹಿ ಹಾಕಿ ತಗೊಂಡ್ರು ಅಂತ ಪೆನ್ಸಿಲ್ಲಲ್ಲಿ ಬರೆದಿಡಿ. ದಿನ ಲೆಕ್ಕ ಹಾಕೋದು ನೋಟೀಸ್ ಮೇಲಿರೋ ತಾರೀಖಿಂದ ಅಲ್ಲ, ಕೈಗೆ ಸಿಕ್ಕಿದ ದಿನದಿಂದ.

ಕೆಲವರು ಪೋಸ್ಟ್‌ಮ್ಯಾನ್‌ಗೆ "ಬೇಡ, ವಾಪಸ್ ಕಳಿಸಿ" ಅಂತಾರೆ, ತಗೊಳ್ಳದೇ ಇದ್ರೆ ನೋಟೀಸೇ ಇಲ್ಲ ಅಂದ್ಕೊಂಡು. ಸರಿಯಾದ ವಿಳಾಸಕ್ಕೆ ಬಂದ ರಿಜಿಸ್ಟರ್ಡ್ ಟಪಾಲನ್ನ ನಿರಾಕರಿಸಿದ್ರೆ ತಲುಪಿದೆ ಅಂತಾನೇ ಕೋರ್ಟು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತೆ. ನಿಮಗೆ ಉಳಿಯೋದು ಒಳಗೇನು ಬರೆದಿದ್ರು ಅಂತ ಗೊತ್ತಿಲ್ಲದೇ ಇರೋ ತೊಂದರೆ ಅಷ್ಟೇ.

ನಮ್ಮ ಉದಾಹರಣೆಯ ಥರದ ನೋಟೀಸಲ್ಲಿರೋ "15 ದಿನ" ಆ ಲಾಯರ್ ಹಾಕಿದ ಗಡುವು, ಕಾನೂನು ಹಾಕಿದ್ದಲ್ಲ. ಹದಿನಾರನೇ ದಿನಕ್ಕೆ ನೀವು ಸೋತು ಹೋಗಲ್ಲ. ಆದ್ರೂ ಅಷ್ಟರೊಳಗೆ ಉತ್ತರ ಹೋಗೋದೇ ಒಳ್ಳೇದು, ಯಾಕಂದ್ರೆ ಸುಮ್ಮನಿದ್ರೆ ಮುಂದೆ "ನಿಜ ಇದ್ದಿದ್ದಕ್ಕೇ ಉತ್ತರ ಕೊಡ್ಲಿಲ್ಲ" ಅಂತಾರೆ. ಚೆಕ್ ಬೌನ್ಸ್ ನೋಟೀಸ್ ಆಗಿದ್ರೆ ಕಥೆ ಬೇರೆ, ಅದನ್ನ ಕೆಳಗೆ ಬೇರೆಯಾಗಿ ಬರೆದಿದೀನಿ.

## ಹಂತ 2: ಫೋನು, ವಾಟ್ಸಾಪ್ ಬಂದ್

ನೋಟೀಸ್ ಓದಿದ ಕೂಡ್ಲೇ ಎಲ್ಲರೂ ಮಾಡೋ ಮೊದಲ ಕೆಲಸ ಅಂದ್ರೆ ಕಳಿಸಿದವರಿಗೆ ಫೋನ್ ಮಾಡಿ "ಏನಪ್ಪಾ ಹಿಂಗ್ ಮಾಡ್ಬಿಟ್ಟೆ" ಅನ್ನೋದು. ಆ ಕಾಲ್ ರೆಕಾರ್ಡ್ ಆಗ್ತಿರುತ್ತೆ ಅಂದ್ಕೊಂಡೇ ಇರಿ. "ಆಯ್ತು ಮಾರಾಯ, ಕೂತು ಸೆಟಲ್ ಮಾಡ್ಕೊಳೋಣ" ಅಂತ ನೀವು ಜಗಳ ಬೇಡ ಅಂತ ಹೇಳಿದ ಮಾತು ಅವರ ಕೈಯಲ್ಲಿ ಸಾಲ ಒಪ್ಕೊಂಡ ಮಾತಾಗುತ್ತೆ.

ಇನ್ನೂ ಕೆಟ್ಟದ್ದು ಏನಂದ್ರೆ, ಸಮಾಧಾನಕ್ಕೆ ಅಂತ ಐದೋ ಹತ್ತೋ ಸಾವಿರ ಟ್ರಾನ್ಸ್‌ಫರ್ ಮಾಡೋದು. ಮಾಡ್ಬೇಡಿ. ಹಳೇ ಮೆಸೇಜ್ ಡಿಲೀಟ್ ಕೂಡ ಮಾಡ್ಬೇಡಿ, ಅವರ ಫೋನಲ್ಲಿ ಅದು ಇದ್ದೇ ಇರುತ್ತೆ, ನಿಮ್ಮ ಪರವಾಗಿರೋ ಸಾಲುಗಳು ಮಾತ್ರ ನಿಮ್ಮ ಕೈ ತಪ್ಪಿ ಹೋಗ್ತವೆ.

## ಹಂತ 3: ಪ್ಯಾರಾ ನಂಬರ್ ಹಾಕಿ, ಒಂದೊಂದು ವಾಕ್ಯಾನೂ ಬಿಡಿಸಿ

ನೋಟೀಸ್‌ನ ಜೆರಾಕ್ಸ್ ಮಾಡಿಸಿ, ಒರಿಜಿನಲ್ ಮೇಲೆ ಗೀಚ್ಬೇಡಿ. ಪ್ಯಾರಾಗಳಿಗೆ ನಂಬರ್ ಇಲ್ಲದಿದ್ರೆ ನೀವೇ ಹಾಕಿ. ಆಮೇಲೆ ಪ್ರತಿ ವಾಕ್ಯದ ಪಕ್ಕ ನಾಲ್ಕರಲ್ಲಿ ಒಂದು ಗುರುತು: ನಿಜ, ಸುಳ್ಳು, ಅರ್ಧ ನಿಜ, ನನಗೆ ಗೊತ್ತಿಲ್ಲ.

ಪ್ಯಾರಾ ಲೆಕ್ಕದಲ್ಲಿ ಗುರುತು ಹಾಕಿದ್ರೆ ಮೋಸ ಹೋಗ್ತೀರಿ, ವಾಕ್ಯದ ಲೆಕ್ಕದಲ್ಲೇ ಹಾಕ್ಬೇಕು. ನಮ್ಮ ಪ್ಯಾರಾ 2ನ್ನೇ ನೋಡಿ, ಒಂದೇ ಉಸಿರಲ್ಲಿ ದಿನ, ಮೊತ್ತ, ನಗದು, ಸಾಲ, ಬಡ್ಡಿ ದರ, ಒಡವೆ ಮಾರಿದ್ದು ಅಂತ ಆರು ವಿಷಯ ಇದೆ. ಮೊದಲ ಐದು ಸುಳ್ಳು. ಒಡವೆ ಮಾರಿದ್ದು? ಅದು ನಿಮಗೆ ಗೊತ್ತಿಲ್ಲ. ಅವರು ಬೇರೆ ಯಾವ್ದಕ್ಕೋ ನಿಜವಾಗ್ಲೂ ಮಾರಿರಬಹುದು, ರಸೀದಿ ಇಟ್ಕೊಂಡಿರಬಹುದು. ಅದನ್ನೂ ಸುಳ್ಳು ಅಂತ ಬರೆದ್ರೆ ನಾಳೆ ಆ ರಸೀದಿ ತೋರಿಸಿ "ಇವರು ಗೊತ್ತಿಲ್ಲದ್ದನ್ನೂ ಸುಳ್ಳು ಅಂತಾರೆ" ಅಂತ ನಿಮ್ಮ ಮೇಲಿನ ನಂಬಿಕೇನೇ ಅಲ್ಲಾಡಿಸ್ತಾರೆ. ಗೊತ್ತಿಲ್ಲದ್ದಕ್ಕೆ "ನಮಗೆ ತಿಳಿದಿಲ್ಲ, ಸಾಬೀತು ಮಾಡುವ ಹೊಣೆ ನಿಮ್ಮದು" ಅಂತಾನೇ ಬರೀಬೇಕು.

ಪ್ಯಾರಾ 1 ನಿಜ. ಪರಿಚಯಾನೇ ಇಲ್ಲ ಅಂತ ಬರೆಯೋರೂ ಇದಾರೆ, ಮದುವೆ ಫೋಟೋದಲ್ಲಿ ಪಕ್ಕಪಕ್ಕ ನಿಂತಿರ್ತಾರೆ ಪಾಪ. ಪ್ಯಾರಾ 3 ಅರ್ಧ ನಿಜ: ದುಡ್ಡು ಹೋಗಿದ್ದು ನಿಜ, ಬಡ್ಡಿ ಅನ್ನೋದು ಸುಳ್ಳು. ಪ್ಯಾರಾ 4 ಪೂರ್ತಿ ಸುಳ್ಳು.

## ಹಂತ 4: ಈ ನೋಟೀಸ್ ಈಗ್ಲೇ ಯಾಕೆ ಬಂತು ಅಂತ ಕೇಳ್ಕೊಳ್ಳಿ

ರಿಪ್ಲೈ ಹಾಳಾಗೋದಕ್ಕೆ ಮುಖ್ಯ ಕಾರಣ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಬರಹದಲ್ಲಿ ವಾಯಿದೆ ಅಂತ ಏನೂ ಇಲ್ಲದ ಕೈಸಾಲಕ್ಕೆ 1963ರ ಲಿಮಿಟೇಶನ್ ಆಕ್ಟ್ ಪ್ರಕಾರ ದುಡ್ಡು ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹಾಕ್ಬೇಕು. ಅವರು ಹೇಳೋ ದಿನ 12-04-2022, ಅಂದ್ರೆ ಅವರಿಗೆ ಏಪ್ರಿಲ್ 2025ರವರೆಗೆ ಮಾತ್ರ ಟೈಮ್. ನೋಟೀಸ್ ಬಂದಿದ್ದು ಫೆಬ್ರವರಿ 2025ರಲ್ಲಿ, ಅವಧಿ ಮುಗಿಯೋಕೆ ಎರಡು ತಿಂಗಳಿರುವಾಗ. ಕೈಯಲ್ಲಿ ಪತ್ರ ಇಲ್ಲ, ಸಾಕ್ಷಿ ಇಲ್ಲ, ಅವಧಿ ಮುಗೀತಾ ಬಂದಿದೆ ಅಂದಾಗ ನೋಟೀಸ್ ಕಳಿಸೋದ್ರಲ್ಲಿ ದುಡ್ಡು ಕೇಳೋದಕ್ಕಿಂತ ನಿಮ್ಮ ಸಹಿ ಇರೋ ಒಂದು ಉತ್ತರ ತರಿಸ್ಕೊಳ್ಳೋ ಆಸೆ ಜಾಸ್ತಿ ಇರುತ್ತೆ.

ಅದು ಹೇಗೆ ಅಂದ್ರೆ, ಅದೇ ಕಾಯ್ದೆಯ ಸೆಕ್ಷನ್ 18 ಪ್ರಕಾರ ಅವಧಿ ಮುಗಿಯೋದ್ರೊಳಗೆ ನೀವು ಸಹಿ ಮಾಡಿ ಬರಹದಲ್ಲಿ ಹೊಣೆ ಒಪ್ಕೊಂಡ್ರೆ ಆ ದಿನದಿಂದ ಹೊಸದಾಗಿ ಲೆಕ್ಕ ಶುರು. ಫೆಬ್ರವರಿ 2025ರಲ್ಲಿ ಒಪ್ಕೊಂಡ್ರೆ ಫೆಬ್ರವರಿ 2028ರವರೆಗೂ ಅವರಿಗೆ ಟೈಮ್. ನಿಮ್ಮ ಪರವಾಗಿ ಅಧಿಕಾರ ಪಡೆದವರು ಸಹಿ ಹಾಕಿದ್ರೂ ಅಷ್ಟೇ, ಹಾಗಾಗಿ ಲಾಯರ್ ಬರೆದಿದ್ದಾರೆ ನಂದಲ್ಲ ಅನ್ನೋಕಾಗಲ್ಲ. ಮತ್ತೆ "ಒಪ್ಕೊಳ್ಳೋದು" ಅಂದ್ರೆ "ಹೌದು ನಾಲ್ಕು ಲಕ್ಷ ಕೊಡಬೇಕು" ಅಂತ ಬಾಯ್ಬಿಟ್ಟು ಬರೆಯೋದೇ ಅಲ್ಲ. ಮೊತ್ತ ಬರೀದೇ ಇದ್ರೂ ನಡೆಯುತ್ತೆ. "ಇನ್ನೂ ವಾಯಿದೆ ಬಂದಿಲ್ಲ" ಅಂದ್ರೂ ಒಪ್ಕೊಂಡ ಹಾಗೇ. "ಸಾಲ ಇದೆ, ಆದ್ರೆ ಕೊಡಲ್ಲ" ಅಂತ ಧಿಮಾಕು ಮಾಡಿದ್ರೂ ಒಪ್ಕೊಂಡ ಹಾಗೇ. "ನೀವೂ ನನಗೆ ಒಂದು ಲಕ್ಷ ಕೊಡಬೇಕಲ್ಲ, ಅದನ್ನ ವಜಾ ಮಾಡ್ಕೊಳ್ಳಿ" ಅನ್ನೋದೂ ಅದೇ ಸಾಲಿಗೆ ಸೇರುತ್ತೆ, ಇದಂತೂ ಬುದ್ಧಿವಂತರೇ ಬರೆಯೋ ತಪ್ಪು.

ಈಗ ಪ್ಯಾರಾ 3 ಮತ್ತೆ ಓದಿ. ಆರು ಲಕ್ಷದ ನೋಟೀಸಲ್ಲಿ ಹತ್ತು ಸಾವಿರದ ಮಾತು ಸಣ್ಣದು ಅನ್ಸುತ್ತೆ. ಆದ್ರೆ ಸೆಕ್ಷನ್ 19ರಲ್ಲಿ, ಅವಧಿಯೊಳಗೆ ಬಡ್ಡಿ ಅಥವಾ ಅಸಲಿನ ಬಾಬ್ತು ದುಡ್ಡು ಕಟ್ಟಿ, ಹಾಗೆ ಕಟ್ಟಿದ್ದಕ್ಕೆ ಕಟ್ಟಿದವರ ಕೈಬರಹ ಅಥವಾ ಸಹಿ ಇರೋ ಬರಹ ಇದ್ರೆ ಆ ದಿನದಿಂದಲೂ ಲೆಕ್ಕ ಹೊಸದಾಗಿ ಶುರುವಾಗುತ್ತೆ. ಪ್ಯಾರಾ 3ಕ್ಕೆ ನೀವು "ದುಡ್ಡು ಕಟ್ಟಿದ್ದು ನಿಜ" ಅಂತಷ್ಟೇ ಬರೆದು ಯಾವ ಬಾಬ್ತು ಅಂತ ಬರೀದೇ ಬಿಟ್ರೆ, ಅವರಿಗೆ ಬೇಕಾಗಿದ್ದ ಬರಹವನ್ನ ನೀವೇ ಕೊಟ್ಟ ಹಾಗೆ.

ಅವಧಿ ಆಗ್ಲೇ ಮುಗಿದಿದ್ರೂ ನಿರಾಳ ಇಲ್ಲ. ಅವಧಿ ಮೀರಿದ ಸಾಲಾನ ಕೊಡ್ತೀನಿ ಅಂತ ಸಹಿ ಮಾಡಿ ಬರೆದುಕೊಟ್ರೆ ಕಾಂಟ್ರಾಕ್ಟ್ ಆಕ್ಟ್ ಸೆಕ್ಷನ್ 25(3) ಪ್ರಕಾರ ಅದೇ ಹೊಸ ಒಪ್ಪಂದ ಆಗುತ್ತೆ.

## ಹಂತ 5: ಬರೆಯೋ ಮೊದಲು ಕೂಡಿಸ್ಕೊಳ್ಳಬೇಕಾದ್ದು

ತುಂಬಾ ಬೇಡ. ಅವರು ಹೇಳಿದ ದಿನಕ್ಕಿಂತ ಹಿಂದಿನ ಆರು ತಿಂಗಳೂ ಸೇರಿಸಿ ಇವತ್ತಿನವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್, ಎಲ್ಲಾ ಅಕೌಂಟ್‌ದೂ. ಜನ ಒಂದೇ ಅಕೌಂಟ್ ನೋಡಿ "ಏನೂ ವ್ಯವಹಾರ ಇಲ್ಲ" ಅಂತ ಬರೆದುಬಿಡ್ತಾರೆ, ಆಮೇಲೆ ಯುಪಿಐ ಬೇರೆ ಅಕೌಂಟ್‌ಗೆ ಲಿಂಕ್ ಆಗಿದ್ದು ಗೊತ್ತಾಗುತ್ತೆ. ಅವರ ಜೊತೆಗಿನ ವಾಟ್ಸಾಪ್ ಚಾಟನ್ನ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳ್ಳಿ, ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಫೋನೂ ಉಳಿಸ್ಕೊಳ್ಳಿ. ಬಿಲ್ಲುಗಳು. ಸಹಿ ಹಾಕಿ ಕೊಟ್ಟಿರೋ ಖಾಲಿ ಚೆಕ್, ಸ್ಟಾಂಪ್ ಪೇಪರ್ ಏನಾದ್ರೂ ಅವರ ಹತ್ರ ಇದ್ಯಾ ಅಂತ ನಿಮ್ಮನ್ನ ನೀವೇ ಪ್ರಾಮಾಣಿಕವಾಗಿ ಕೇಳ್ಕೊಳ್ಳಿ, ಇದ್ರೆ ಲಾಯರ್‌ಗೆ ಮುಚ್ಚಿಡ್ಬೇಡಿ.

ಆಮೇಲೆ ಒಂದು ಹಾಳೆಯಲ್ಲಿ ತಾರೀಖುಪಟ್ಟಿ ಬರೀರಿ: ದಿನ, ಏನಾಯ್ತು, ದಾಖಲೆ ಏನು. ಇದು ನಿಮಗೋಸ್ಕರ, ರಿಪ್ಲೈ ಜೊತೆ ಕಳಿಸೋಕಲ್ಲ.

## ಹಂತ 6: ರಿಪ್ಲೈ ಬರೆಯೋದು

ಯಾವುದಾದ್ಮೇಲೆ ಯಾವುದು ಅನ್ನೋದು ಇಲ್ಲಿ ಮುಖ್ಯ. ಮೊದಲು ಎಲ್ಲಾ ಸೇರಿಸಿ ಒಂದು ಅಲ್ಲಗಳೆತ, ಆಮೇಲೆ ನಿಮ್ಮ ನಿಜ ಸಂಗತಿ, ಆಮೇಲೆ ಪ್ಯಾರಾ ಪ್ರಕಾರ ಉತ್ತರ, ಕೊನೆಗೆ ನಿಮ್ಮ ಬೇಡಿಕೆ. ನಿಜ ಸಂಗತಿ ಮೊದಲು ಬಂದ್ರೆ ಪ್ಯಾರಾ ಉತ್ತರದಲ್ಲಿ ಮತ್ತೆ ಮತ್ತೆ ಕಥೆ ಹೇಳೋ ಪ್ರಮೇಯ ಬರಲ್ಲ, "ಮೇಲೆ ಹೇಳಿದಂತೆ" ಅಂದ್ರೆ ಸಾಕು. ಕಳಿಸೋದು ಎದುರು ಲಾಯರ್ ವಿಳಾಸಕ್ಕೆ, ಅವರ ನೋಟೀಸ್ ತಾರೀಖು ಮತ್ತು ನಿಮಗೆ ಸಿಕ್ಕಿದ ತಾರೀಖು ಎರಡೂ ಮೇಲೆ ಬರೆದು.

ಲಾಯರ್ ಮೂಲಕ ಹೋದ್ರೆ "ನನ್ನ ಕಕ್ಷಿದಾರರು" ಅಂತ ಬರುತ್ತೆ, ನೀವೇ ಬರೆದ್ರೆ "ನಾನು". ಕೆಳಗೆ "ನಾನು" ಅಂತಲೇ ಹಾಕಿದೀನಿ.

ಶುರುವಿನ ಅಲ್ಲಗಳೆತ:

> "ಈ ಕೆಳಗೆ ನಾನು ಸ್ಪಷ್ಟವಾಗಿ ಒಪ್ಪಿರುವುದನ್ನು ಹೊರತುಪಡಿಸಿ, ಸದರಿ ನೋಟೀಸಿನ ಎಲ್ಲಾ ಆರೋಪಗಳನ್ನು ಅಲ್ಲಗಳೆಯುತ್ತೇನೆ. ಯಾವುದೇ ಆರೋಪಕ್ಕೆ ಪ್ರತ್ಯೇಕವಾಗಿ ಉತ್ತರಿಸಿಲ್ಲವೆಂಬ ಕಾರಣಕ್ಕೆ ಅದನ್ನು ಒಪ್ಪಿದಂತೆ ಭಾವಿಸತಕ್ಕದ್ದಲ್ಲ."

ಈ ಒಂದು ಸಾಲು ಬರೆದು "ಎಲ್ಲಾ ಸುಳ್ಳು" ಅಂತ ಸಹಿ ಹಾಕಿ ಕಳಿಸೋರು ಬಹಳ ಜನ. ಇದು ಬಿಟ್ಟುಹೋಗಿದ್ದಕ್ಕೆ ರಕ್ಷಣೆ ಮಾತ್ರ, ಮುಖ್ಯ ಕೆಲಸ ಪ್ಯಾರಾ ಉತ್ತರದಲ್ಲೇ ಇದೆ.

ನಿಜ ಸಂಗತಿ:

> "ದಿನಾಂಕ 20-04-2022ರಂದು ನಿಮ್ಮ ಕಕ್ಷಿದಾರರು ಬ್ಯಾಂಕ್ ಮೂಲಕ ₹1,00,000 ನೀಡಿದ್ದು, ಅದನ್ನು ಸೆಪ್ಟೆಂಬರ್ 2022ರಲ್ಲಿ ₹60,000 ಮತ್ತು ಜನವರಿ 2023ರಲ್ಲಿ ₹40,000 ಬ್ಯಾಂಕ್ ಮೂಲಕವೇ ಪೂರ್ಣವಾಗಿ ಹಿಂದಿರುಗಿಸಲಾಗಿದೆ. ಆ ವ್ಯವಹಾರ ಅಲ್ಲಿಗೆ ಮುಕ್ತಾಯವಾಗಿದ್ದು, ನಿಮ್ಮ ಕಕ್ಷಿದಾರರಿಗೆ ನಾನು ಯಾವುದೇ ಬಾಬ್ತು ಯಾವುದೇ ಮೊತ್ತ ಕೊಡತಕ್ಕದ್ದಿರುವುದಿಲ್ಲ."

ಇಲ್ಲಿ ಒಂದು ಸೂಕ್ಷ್ಮ ಇದೆ. "ತಗೊಂಡಿದ್ದೆ, ವಾಪಸ್ ಕೊಟ್ಟೆ" ಅಂತ ಬರೆದ ಕ್ಷಣ ತಗೊಂಡಿದ್ದನ್ನ ಅವರು ಸಾಬೀತು ಮಾಡೋ ಅಗತ್ಯ ಇಲ್ಲ, ವಾಪಸ್ ಕೊಟ್ಟಿದ್ದನ್ನ ಸಾಬೀತು ಮಾಡೋ ಭಾರ ನಿಮ್ಮ ತಲೆ ಮೇಲೆ. ನಮ್ಮ ಉದಾಹರಣೇಲಿ ಎರಡೂ ಬ್ಯಾಂಕಲ್ಲಿದೆ, ಹಾಗಾಗಿ ಧೈರ್ಯವಾಗಿ ಬರೀಬಹುದು, ಬರೀಲೇಬೇಕು ಕೂಡ, ಇಲ್ಲಾಂದ್ರೆ ಅವರು ಆ ಒಂದು ಲಕ್ಷದ ಎಂಟ್ರಿ ತೋರಿಸಿ "ವ್ಯವಹಾರಾನೇ ಇಲ್ಲ ಅಂದ್ರು ನೋಡಿ" ಅಂತಾರೆ. ಆದ್ರೆ ನೀವು ವಾಪಸ್ ಕೊಟ್ಟಿದ್ದು ನಗದಲ್ಲಿ, ರಸೀದಿ ಇಲ್ಲ ಅಂತಿದ್ರೆ ಈ ಪ್ಯಾರಾ ಬರೆಯೋ ಮುಂಚೆ ಲಾಯರ್ ಮುಂದೆ ಕೂತೇ ತೀರ್ಮಾನ ಮಾಡಿ. "ಅಲ್ಲಿಗೆ ಮುಕ್ತಾಯ" ಮತ್ತು "ಕೊಡತಕ್ಕದ್ದಿರುವುದಿಲ್ಲ" ಅನ್ನೋ ಎರಡು ಮಾತು ಬಿಡ್ಲೇಬೇಡಿ, ಹಳೇ ವ್ಯವಹಾರ ಒಪ್ಕೊಳ್ಳೋದಕ್ಕೂ ಈಗ ಬಾಕಿ ಇದೆ ಅಂತ ಒಪ್ಕೊಳ್ಳೋದಕ್ಕೂ ಗೆರೆ ಎಳೆಯೋದೇ ಆ ಮಾತುಗಳು.

ಪ್ಯಾರಾ 1ಕ್ಕೆ:

> "ಪರಿಚಯ ಮತ್ತು ಹಿಂದಿನ ವ್ಯವಹಾರ ಇದ್ದುದು ನಿಜ. ಅದರ ಆಧಾರದಲ್ಲಿ ಸಾಲದ ವ್ಯವಹಾರ ಊಹಿಸಲು ಅವಕಾಶವಿಲ್ಲ."

ಪ್ಯಾರಾ 2ಕ್ಕೆ: ಜನ ಹೆಚ್ಚಾಗಿ ಬರೆಯೋದು ಹೀಗೆ: "12-04-2022ರಂದು ನಾನು ₹4,00,000 ನಗದು ತಗೊಂಡಿಲ್ಲ." ಓದೋಕೆ ಚೆನ್ನಾಗಿದೆ. ಆದ್ರೆ 13ನೇ ತಾರೀಖು ತಗೊಂಡ್ರಾ? ಮೂರೂವರೆ ಲಕ್ಷ ತಗೊಂಡ್ರಾ? ಅವರ ವಾಕ್ಯಾನ ಹಾಗೇ ತಿರುಗಿಸಿ ಕೊನೆಗೆ "ಇಲ್ಲ" ಸೇರಿಸಿದ್ರೆ ಅದರೊಳಗಿನ ದಿನ, ಮೊತ್ತ, ರೀತಿ ಇವುಗಳಲ್ಲಿ ಯಾವುದನ್ನ ಅಲ್ಲಗಳೆದ್ರಿ ಅಂತ ಗೊತ್ತಾಗಲ್ಲ, ಇದಕ್ಕೆ ನುಣುಚಿಕೊಳ್ಳೋ ಉತ್ತರ ಅಂತಾರೆ. ಸಿವಿಲ್ ದಾವೆಗೆ ಉತ್ತರವಾಗಿ ಕೋರ್ಟಿಗೆ ಕೊಡೋ ತಕರಾರು ಪತ್ರದಲ್ಲಿ ಹೀಗೆ ಬರೆದ್ರೆ ಒಪ್ಕೊಂಡ ಹಾಗೆ ಅಂತ ಹಿಡಿಯೋಕೆ ಸಿವಿಲ್ ಪ್ರೊಸೀಜರ್ ಕೋಡ್‌ನ ಆರ್ಡರ್ 8ರಲ್ಲಿ ನಿಯಮಾನೇ ಇದೆ. ನೋಟೀಸ್ ರಿಪ್ಲೈಗೆ ಅದು ನೇರವಾಗಿ ಬರಲ್ಲ, ಆದ್ರೂ ಆ ಶಿಸ್ತಲ್ಲೇ ಬರೀರಿ:

> "12-04-2022ರಂದಾಗಲಿ ಬೇರೆ ಯಾವುದೇ ದಿನವಾಗಲಿ, ₹4,00,000 ಅಥವಾ ಬೇರೆ ಯಾವುದೇ ಮೊತ್ತವನ್ನು ನಗದಾಗಿ ನಾನು ನಿಮ್ಮ ಕಕ್ಷಿದಾರರಿಂದ ಪಡೆದಿಲ್ಲ. ತಿಂಗಳಿಗೆ 2% ಅಥವಾ ಬೇರೆ ಯಾವುದೇ ದರದ ಬಡ್ಡಿಗೆ ನಾನು ಎಂದೂ ಒಪ್ಪಿಲ್ಲ. ಬ್ಯಾಂಕ್ ಮೂಲಕ ಬಂದ ₹1,00,000ದ ಸಂಗತಿಯನ್ನು ಮೇಲೆಯೇ ತಿಳಿಸಿದ್ದು, ಅದಕ್ಕೂ ಈ ಆರೋಪಕ್ಕೂ ಸಂಬಂಧವಿಲ್ಲ. ನಿಮ್ಮ ಕಕ್ಷಿದಾರರು ಒಡವೆ ಮಾರಿದ ವಿಚಾರ ನನಗೆ ತಿಳಿದಿಲ್ಲ. ಹೇಳಲಾದ ದಿನ ಅಷ್ಟು ನಗದು ಕೊಡುವ ಆರ್ಥಿಕ ಶಕ್ತಿ ಅವರಿಗೆ ಇತ್ತೆಂಬುದನ್ನು ಅಲ್ಲಗಳೆಯುತ್ತೇನೆ. ಅದನ್ನು ಸಾಬೀತುಪಡಿಸುವ ಹೊಣೆ ಅವರದು."

ಆರ್ಥಿಕ ಶಕ್ತಿ ಇರಲಿಲ್ಲ ಅನ್ನೋ ಮಾತನ್ನ ನಿಮಗೆ ಅದಕ್ಕೆ ನಿಜವಾದ ಕಾರಣ ಇದ್ರೆ ಮಾತ್ರ ಹಾಕಿ. ದೊಡ್ಡ ವ್ಯಾಪಾರಸ್ಥರಿಗೆ ಇದನ್ನ ಬರೆದ್ರೆ ನಗೆಪಾಟಲು.

ಪ್ಯಾರಾ 3ಕ್ಕೆ:

> "05-08-2023ರ ₹10,000 ಬಡ್ಡಿಯೂ ಅಲ್ಲ, ಯಾವುದೇ ಸಾಲದ ಬಾಬ್ತೂ ಅಲ್ಲ. ಅದು ಜಂಟಿಯಾಗಿ ಖರೀದಿಸಿದ ಸಾಮಗ್ರಿಯ ಬಿಲ್ಲಿನಲ್ಲಿ ನನ್ನ ಪಾಲಿನ ಹಣ. ಅದನ್ನು ಬಡ್ಡಿಯೆಂದು ತೋರಿಸುತ್ತಿರುವುದು ಕಾಲಮಿತಿಯನ್ನು ವಿಸ್ತರಿಸುವ ಪ್ರಯತ್ನ ಮಾತ್ರ."

ಪ್ಯಾರಾ 4ಕ್ಕೆ: ಇಲ್ಲಿ "ಹಿರಿಯರು ಯಾರು" ಅಂತ ಕೇಳ್ಬೇಕು. ಹೆಸರಿಲ್ಲದ ಹಿರಿಯರು ನೋಟೀಸಲ್ಲಿ ಸುಲಭವಾಗಿ ಬರ್ತಾರೆ, ಸಾಕ್ಷಿ ಕಟ್ಟೆಗೆ ಬರೋದು ಕಷ್ಟ.

> "ನವೆಂಬರ್ 2024ರಲ್ಲಾಗಲಿ ಬೇರೆ ಯಾವಾಗಲಾಗಲಿ, ಯಾರ ಸಮ್ಮುಖದಲ್ಲೂ ನಾನು ಸಾಲ ಒಪ್ಪಿಲ್ಲ, ವಾಯಿದೆ ಕೇಳಿಲ್ಲ. ಹಿರಿಯರ ಹೆಸರು, ದಿನ, ಸ್ಥಳ ಯಾವುದನ್ನೂ ನಮೂದಿಸದಿರುವುದೇ ಈ ಆರೋಪ ಕಲ್ಪಿತವೆಂದು ತೋರಿಸುತ್ತದೆ."

ಪ್ಯಾರಾ 5ಕ್ಕೆ: ಲೆಕ್ಕದ ಬಲೆಗೆ ಬೀಳ್ಬೇಡಿ. "ಬಡ್ಡಿ ಜಾಸ್ತಿ ಹಾಕಿದೀರಿ", "34 ತಿಂಗಳು ಅಲ್ಲ 33 ತಿಂಗಳು" ಅಂತ ವಾದ ಶುರು ಮಾಡಿದ್ರೆ ಅಸಲು ಇದೆ ಅಂತ ಒಪ್ಕೊಂಡು ಬಡ್ಡಿಗೆ ಚೌಕಾಸಿ ಮಾಡಿದ ಹಾಗಾಗುತ್ತೆ. ಅಸಲೇ ಇಲ್ಲ ಅಂದ್ಮೇಲೆ ಬಡ್ಡಿ ಪ್ರಶ್ನೆ ಬರಲ್ಲ ಅಂತ ಒಂದೇ ಸಾಲು:

> "ಅಸಲಿನ ಸಾಲವೇ ಇಲ್ಲದಿರುವಾಗ ಬಡ್ಡಿಯ ಪ್ರಶ್ನೆ ಉದ್ಭವಿಸುವುದಿಲ್ಲ. ₹6,62,000 ಅಥವಾ ಅದರ ಯಾವುದೇ ಭಾಗವನ್ನು ಕೊಡುವ ಹೊಣೆ ನನಗಿಲ್ಲ."

ಕೊನೆಯ ಭಾಗ: ದಾಖಲೆ ಇದ್ರೆ ನಕಲು ಕೊಡಿ ಅಂತ ಕೇಳಿ, ನೋಟೀಸ್ ವಾಪಸ್ ತಗೊಳ್ಳಿ ಅನ್ನಿ, ದಾವೆ ಹಾಕಿದ್ರೆ ಅವರ ಖರ್ಚು ಹೊಣೆಗಾರಿಕೆಯಲ್ಲಿ ಎದುರಿಸ್ತೀನಿ ಅನ್ನಿ, ಹೆಚ್ಚಿನ ಸಂಗತಿ ಹೇಳೋ ಹಕ್ಕು ಕಾಯ್ದಿರಿಸ್ಕೊಳ್ಳಿ. ನಾಲ್ಕೈದು ಸಾಲು ಸಾಕು.

ಎಷ್ಟು ಬಿಚ್ಚಿಡಬೇಕು ಅನ್ನೋ ಪ್ರಶ್ನೆ ಎಲ್ಲರಿಗೂ ಬರುತ್ತೆ. ನನ್ನ ಲೆಕ್ಕ ಇಷ್ಟೇ: ನಿಮ್ಮ ಮುಖ್ಯ ವಾದ ಏನಿದ್ಯೋ ಅದು ರಿಪ್ಲೈಲಿ ಇರ್ಲೇಬೇಕು, ಇಲ್ಲಾಂದ್ರೆ ಎರಡು ವರ್ಷ ಆದ್ಮೇಲೆ ಹೇಳಿದ್ರೆ ಈಗ ಹುಟ್ಟಿಸ್ಕೊಂಡ ಕಥೆ ಅಂತಾರೆ. ಆದ್ರೆ ಅದನ್ನ ಸಾಬೀತು ಮಾಡೋ ಪ್ರತಿ ಕಾಗದಾನೂ ಈಗ್ಲೇ ಲಗತ್ತಿಸೋ ಅಗತ್ಯ ಇಲ್ಲ.

## ಹಂತ 7: ಸಹಿ ಹಾಕೋ ಮುಂಚೆ ವಿಷದ ಸಾಲು ಹುಡುಕಿ

ಬರೆದಿದ್ದನ್ನ ಒಂದು ರಾತ್ರಿ ಬಿಟ್ಟು, ನೀವೇ ಎದುರು ಲಾಯರ್ ಅಂದ್ಕೊಂಡು ಓದಿ. ಈ ಥರದ ಮಾತು ಕಂಡ್ರೆ ತೆಗೀರಿ:

- "ಸದ್ಯ ಕಷ್ಟದಲ್ಲಿದೀನಿ", "ಟೈಮ್ ಕೊಡಿ", "ಕಂತಿನಲ್ಲಿ ನೋಡೋಣ"
- "ನೀವು ಹೇಳೋ ಅಷ್ಟು ಇಲ್ಲ" (ಹಾಗಾದ್ರೆ ಎಷ್ಟಿದೆ?)
- "ಬಾಕಿ ಇದ್ದ ದುಡ್ಡನ್ನ ಆಗ್ಲೇ ನಗದಲ್ಲಿ ಕೊಟ್ಟಾಯ್ತು", ರಸೀದಿ ಇಲ್ಲದೆ
- "ಸದರಿ ಸಾಲ", "ಮೇಲ್ಕಂಡ ಸಾಲ" (ಹೇಳಬೇಕಾದ್ದು "ಆರೋಪಿತ ಸಾಲ")
- "ಸಾಲ ಆಗಿತ್ತು, ಆದ್ರೆ ಅವಧಿ ಮೀರಿದೆ"

ಕೊನೇದು ಸ್ವಲ್ಪ ಬಿಡಿಸಿ ಹೇಳ್ಬೇಕು. ಕಾಲಮಿತಿ ತಕರಾರನ್ನ ಎತ್ತಬೇಕಾದ್ರೆ ಸಾಲವನ್ನ ಒಪ್ಕೊಂಡು ಎತ್ತಬಾರದು. "ಆರೋಪಿತ ಸಾಲವೇ ಸುಳ್ಳು, ಹೇಳಲಾದ ದಿನವನ್ನೇ ಹಿಡಿದರೂ ಬೇಡಿಕೆ ಕಾಲಮಿತಿ ಮೀರಿದೆ" ಅಂತ ಎರಡನೇ ಮೆಟ್ಟಿಲಾಗಿ ಇಡಬೇಕು. ನಮ್ಮ ಉದಾಹರಣೇಲಂತೂ ಅವಧಿ ಇನ್ನೂ ಮುಗಿದೇ ಇಲ್ಲ. ಏಪ್ರಿಲ್‌ಗೆ ಅವಧಿ ಮುಗಿಯುತ್ತೆ ಅಂತ ಫೆಬ್ರವರಿಯಲ್ಲಿ ನೀವೇ ನೆನಪಿಸೋದ್ಯಾಕೆ? ಹಾಗಾಗಿ ಮೇಲಿನ ಪ್ಯಾರಾ 3ರ ಉತ್ತರದಲ್ಲಿ ಕಾಲಮಿತಿ ಬಗ್ಗೆ ಇರೋ ಕೊನೇ ವಾಕ್ಯ ಬೇಕಾ ಬೇಡ್ವಾ ಅಂತ ಯೋಚಿಸಿ. ಅವಧಿ ಮುಗಿದಿದ್ರೆ ಇಡಿ, ಇನ್ನೂ ಇದ್ರೆ ನಾನಾಗಿದ್ರೆ ತೆಗೀತೀನಿ.

ಇನ್ನೊಂದು ಮೂಢನಂಬಿಕೆ: ಮೇಲೆ "ವಿತೌಟ್ ಪ್ರೆಜುಡಿಸ್", ಅಂದ್ರೆ ನನ್ನ ಹಕ್ಕಿಗೆ ಧಕ್ಕೆ ಇಲ್ಲದಂತೆ, ಅಂತ ಬರೆದ್ರೆ ಒಳಗೆ ಏನು ಬರೆದ್ರೂ ನಡೆಯುತ್ತೆ ಅನ್ನೋದು. ಆ ಮಾತಿನ ರಕ್ಷಣೆ ಇರೋದು ನಿಜವಾದ ರಾಜಿ ಮಾತುಕತೆ ಪತ್ರಕ್ಕೆ. ರಿಪ್ಲೈ ನೋಟೀಸ್ ಅನ್ನೋದು ನೀವೇ ನಾಳೆ ಕೋರ್ಟಿಗೆ ಹಾಜರುಪಡಿಸೋ ಕಾಗದ, ಅದು ಬಹಿರಂಗ ಪತ್ರ. ಒಂದೇ ಪತ್ರದಲ್ಲಿ ಮೇಲೆ ಅಲ್ಲಗಳೆದು ಕೆಳಗೆ ರಾಜಿಗೆ ಕರೆಯೋದು ಬೇಡ. ರಾಜಿ ಮಾಡೋದಿದ್ರೆ ಬೇರೆ ಪತ್ರ, ಬೇರೆ ದಿನ, ಲಾಯರ್ ಕೈಯಿಂದ.

ಬೈಗುಳ, "ನಿಮ್ಮನ್ನ ನೋಡ್ಕೋತೀನಿ" ಥರದ ಮಾತು ಇದ್ರೆ ಅದೂ ಔಟ್, ಅದರ ಮೇಲೆ ಬೇರೆ ಕಂಪ್ಲೇಂಟ್ ಬರುತ್ತೆ ಅಷ್ಟೇ.

## ಚೆಕ್ ಬೌನ್ಸ್ ನೋಟೀಸ್ ಆಗಿದ್ರೆ

ನೋಟೀಸಲ್ಲಿ "ಸೆಕ್ಷನ್ 138", "ನೆಗೋಷಿಯೇಬಲ್ ಇನ್ಸ್ಟ್ರುಮೆಂಟ್ಸ್ ಆಕ್ಟ್" ಅಂತ ಕಂಡ್ರೆ ಮೇಲಿನದೆಲ್ಲ ಓದ್ಕೊಳ್ಳಿ, ಆದ್ರೆ ಅದೇ ದಿನ ಲಾಯರ್ ಹತ್ರ ಹೋಗಿ. ಇಲ್ಲಿ 15 ದಿನ ಕಾನೂನೇ ಹೇಳಿರೋ ಗಡುವು, ನೋಟೀಸ್ ಸಿಕ್ಕಿದ ದಿನದಿಂದ ಲೆಕ್ಕ. ಅಷ್ಟರೊಳಗೆ ದುಡ್ಡು ಹೋಗದಿದ್ರೆ ಆಮೇಲೆ ಒಂದು ತಿಂಗಳೊಳಗೆ ಅವರು ಕ್ರಿಮಿನಲ್ ದೂರು ಹಾಕಬಹುದು.

ರಿಪ್ಲೈ ಕೊಡಲೇಬೇಕು ಅಂತ ಸೆಕ್ಷನ್‌ನಲ್ಲಿ ಇಲ್ಲ. ಆದ್ರೆ 2010ರ ರಂಗಪ್ಪ ವರ್ಸಸ್ ಶ್ರೀ ಮೋಹನ್ ತೀರ್ಪಲ್ಲಿ ಸುಪ್ರೀಂ ಕೋರ್ಟ್, ಆರೋಪಿ ನೋಟೀಸ್‌ಗೆ ಉತ್ತರ ಕೊಡದೇ ಇದ್ದಿದ್ರಿಂದ ದೂರುದಾರರ ಮಾತಲ್ಲಿ ಹುರುಳಿದೆ ಅಂತ ಊಹಿಸಬಹುದು ಅಂದಿದೆ. ಇನ್ನು 2022ರ ತೇಧಿ ಸಿಂಗ್ ತೀರ್ಪು, ದೂರುದಾರರಿಗೆ ಅಷ್ಟು ದುಡ್ಡು ಕೊಡೋ ಶಕ್ತಿ ಇರಲಿಲ್ಲ ಅಂತ ರಿಪ್ಲೈಲೇ ಎತ್ತದಿದ್ರೆ ಅವರು ಶುರುವಿನಲ್ಲೇ ಅದಕ್ಕೆ ಸಾಕ್ಷ್ಯ ಕೊಡಬೇಕು ಅಂತ ನಿರೀಕ್ಷಿಸೋಕಾಗಲ್ಲ ಅನ್ನುತ್ತೆ. ಅಂದ್ರೆ ಆ ಒಂದು ಸಾಲು ಇಲ್ಲಿ ತುಂಬಾ ಬೆಲೆ ಬಾಳುತ್ತೆ.

"ಖಾಲಿ ಚೆಕ್ ಕೊಟ್ಟಿದ್ದೆ, ಅವರೇ ಬರ್ಕೊಂಡಿದ್ದು" ಅಂತ ಬರೆದು ಗೆದ್ದೆ ಅಂದ್ಕೊಳ್ಬೇಡಿ. 2019ರ ಬೀರ್ ಸಿಂಗ್ ತೀರ್ಪಿನ ಪ್ರಕಾರ ಸಹಿ ನಿಮ್ಮದೇ ಆಗಿದ್ದು, ಯಾವುದೋ ಪಾವತಿಗೆ ಅಂತ ನೀವಾಗೇ ಕೊಟ್ಟಿದ್ರೆ ಬೇರೆಯವರು ತುಂಬಿದ್ರೂ ಚೆಕ್ ನಿಮ್ಮ ವಿರುದ್ಧವೇ ಮಾತಾಡುತ್ತೆ. ಯಾವಾಗ, ಯಾಕೆ ಕೊಟ್ರಿ, ಆ ಕೆಲಸ ಹೇಗೆ ಮುಗೀತು, ವಾಪಸ್ ಕೇಳಿದ್ದಕ್ಕೆ ಏನು ಪುರಾವೆ ಅನ್ನೋದು ಬರೀಬೇಕು. ನಿಮ್ಮದೇ ಸಹಿಯನ್ನ ನನ್ನದಲ್ಲ ಅಂತ ಮಾತ್ರ ಬರೀಬೇಡಿ, ಬ್ಯಾಂಕಲ್ಲಿ ಮಾದರಿ ಸಹಿ ಇದೆ.

## ಹಂತ 8: ಕಳಿಸೋದು, ಆಮೇಲೆ

ಎರಡು ಪ್ರತಿ ಮಾಡಿ, ಪ್ರತಿ ಪುಟಕ್ಕೂ ಸಹಿ. ಒಂದು ಪ್ರತಿ ನಿಮ್ಮ ಫೈಲಿಗೆ. ಪೋಸ್ಟಾಫೀಸಲ್ಲಿ ತಲುಪಿದ್ದಕ್ಕೆ ಪುರಾವೆ ಸಿಗೋ ಹಾಗೆ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್‌ನ ಸ್ಪೀಡ್ ಪೋಸ್ಟ್ ಒಳಗೆ ಸೇರಿಸಿದಾರೆ, ಕೌಂಟರಲ್ಲಿ ಸ್ಪೀಡ್ ಪೋಸ್ಟ್ ಜೊತೆ ರಿಜಿಸ್ಟ್ರೇಶನ್ ಮತ್ತು ಡೆಲಿವರಿ ಪುರಾವೆ ಬೇಕು ಅಂತ ಬಾಯಿಬಿಟ್ಟು ಕೇಳಿ. ರಸೀದಿ ಮೇಲಿನ ಇಂಕು ಬೇಗ ಮಾಸುತ್ತೆ, ಅವತ್ತೇ ಫೋಟೋ ತೆಗೀರಿ. ಟ್ರ್ಯಾಕಿಂಗ್‌ನಲ್ಲಿ ಡೆಲಿವರ್ಡ್ ಅಂತ ಬಂದ ದಿನಾನೇ ಪ್ರಿಂಟ್ ತಗೊಳ್ಳಿ, ಆ ಮಾಹಿತಿ ಸೈಟಲ್ಲಿ ಶಾಶ್ವತವಾಗಿ ಇರಲ್ಲ.

ಅವರು ರಿಪ್ಲೈಗೆ ಮತ್ತೆ ರಿಪ್ಲೈ ಕಳಿಸಬಹುದು. ಅದರಲ್ಲಿ ಹೊಸ ದಿನ, ಹೊಸ ದಾಖಲೆ, ಹೊಸ ಆರೋಪ ಇದ್ರೆ ಮಾತ್ರ ಉತ್ತರ ಕೊಡಿ, ಹಳೇದನ್ನೇ ಜೋರಾಗಿ ಹೇಳಿದ್ರೆ "ನಮ್ಮ ಹಿಂದಿನ ಉತ್ತರವೇ ಅನ್ವಯ" ಅಂತ ಎರಡು ಸಾಲು ಸಾಕು. ಹಳೇ ಮೊತ್ತ ಬದಲಾಗಿದ್ರೆ, ಉದಾಹರಣೆಗೆ ನಾಲ್ಕು ಲಕ್ಷ ಹೋಗಿ ಮೂರು ಲಕ್ಷ ಆಗಿದ್ರೆ, ಅದನ್ನ ಜೋಪಾನ ಮಾಡಿ, ಪಾಟೀಸವಾಲಿನಲ್ಲಿ ಕೆಲಸಕ್ಕೆ ಬರುತ್ತೆ.

ದಾವೆ ಹಾಕಿದ್ರೆ ಕೋರ್ಟಿಂದ ಸಮನ್ಸ್ ಬರುತ್ತೆ. ಅದು ನೋಟೀಸ್ ಅಲ್ಲ. ಸಮನ್ಸ್ ಸಿಕ್ಕಿದ 30 ದಿನದೊಳಗೆ ತಕರಾರು ಪತ್ರ ಹಾಕಬೇಕು, ಕಾರಣ ಕೊಟ್ರೆ ಕೋರ್ಟು 90 ದಿನದವರೆಗೂ ಬಿಡಬಹುದು. ಅವತ್ತು ಲಾಯರ್ ಹತ್ರ ಹೋಗೋವಾಗ ಈ ರಿಪ್ಲೈ, ಪೋಸ್ಟ್ ರಸೀದಿ, ನಿಮ್ಮ ತಾರೀಖುಪಟ್ಟಿ, ಪಿನ್ ಮಾಡಿಟ್ಟ ಕವರ್ ಎಲ್ಲಾ ಒಟ್ಟಿಗೆ ತಗೊಂಡು ಹೋಗಿ, ತಕರಾರು ಪತ್ರದಲ್ಲಿ ಬರೆಯೋದು ರಿಪ್ಲೈಲಿ ಬರೆದಿದ್ದಕ್ಕೆ ಒಂದು ತಾರೀಖೂ ಆಚೀಚೆ ಆಗದ ಹಾಗೆ ತಾಳೆ ನೋಡಿಸಿ.